ಹೇಸರಗತ್ತೆಯ ಹೊರೆ

ಮ್ಯೂಲ್ ಅಂದರೆ ಹೇಸರಗತ್ತೆ. ಕುದುರೆಗೂ ಕತ್ತೆಗೂ ಹುಟ್ಟಿದ, ಹೊರೆ ಹೊರುವ, ಸಿಟ್ಟು ಬಂದರೆ ಹಿಂಗಾಲು ಎತ್ತಿ ಒದೆಯುವ ಪ್ರಾಣಿ. ಈ ಹೆಸರಿನ ಪಾನೀಯವೊಂದು ಈಗ ಬೆಂಗಳೂರಿನ ಬಾರುಗಳ ಪಟ್ಟಿಯಲ್ಲೆಲ್ಲ ಇದೆ. ವೋಡ್ಕಾ, ಲಿಂಬೆರಸ, ಜಿಂಜರ್ ಬಿಯರ್, ಐಸು, ಇಷ್ಟೇ ಅದರ ಸಾಮಗ್ರಿ. ಅಂತರರಾಷ್ಟ್ರೀಯ ಬಾರ್ಟೆಂಡರುಗಳ ಸಂಘ ಒಪ್ಪಿದ ಅಳತೆಯಲ್ಲಿ 45 ಮಿಲಿ ವೋಡ್ಕಾ, 120 ಮಿಲಿ ಜಿಂಜರ್ ಬಿಯರ್, 10 ಮಿಲಿ ಲಿಂಬೆರಸ ಇರುತ್ತದೆ. ವೋಡ್ಕಾಕ್ಕೆ ಹೇಳಿಕೊಳ್ಳುವಂಥ ರುಚಿಯಿಲ್ಲ. ಹಾಗಾಗಿ ಒದೆಯುವ ಕೆಲಸ ಪೂರಾ ಶುಂಠಿಯದು, ಆ ಒದೆಯನ್ನು ಹದಕ್ಕೆ ತರುವ ಕೆಲಸ ಲಿಂಬೆಯದು.

ಇದು ಹುಟ್ಟಿದ ಕತೆಯನ್ನು ಎರಡು ಮೂರು ಬಗೆಯಲ್ಲಿ ಹೇಳುತ್ತಾರೆ. ಹೆಚ್ಚು ಪ್ರಚಾರದಲ್ಲಿರುವುದು 1941ರ ಲಾಸ್ ಏಂಜಲೀಸಿನದು. ಹ್ಯೂಬ್ಲೈನ್ ಕಂಪನಿಯ ಜಾನ್ ಮಾರ್ಟಿನ್ ಎರಡು ವರ್ಷ ಮೊದಲು ಸ್ಮಿರ್ನಾಫ್ ವೋಡ್ಕಾದ ಹಕ್ಕು ಕೊಂಡಿದ್ದ. ವಿಸ್ಕಿ ಕುಡಿದು ರೂಢಿಯಾದ ಅಮೆರಿಕನ್ನರು ಆ ಬಣ್ಣವಿಲ್ಲದ ಹೆಂಡವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಾಕ್ ಆ್ಯಂಡ್ ಬುಲ್ ಎಂಬ ಹೋಟೆಲಿನ ಜಾಕ್ ಮಾರ್ಗನ್ ಜಿಂಜರ್ ಬಿಯರ್ ಮಾಡಿಸಿ ಇಟ್ಟುಕೊಂಡಿದ್ದ, ಅದೂ ಖರ್ಚಾಗುತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಸರಕನ್ನು ಒಂದೇ ಲೋಟಕ್ಕೆ ಹಾಕಿ ಲಿಂಬೆ ಹಿಂಡಿದರು. ನೆಲಮಾಳಿಗೆಯಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆಗಳನ್ನು ಖಾಲಿ ಮಾಡಲು ತಾನೇ ಇದನ್ನು ಕಲೆಸಿದೆ ಎಂದು ಅಲ್ಲಿನ ಬಾರ್ಟೆಂಡರ್ ವೆಸ್ ಪ್ರೈಸ್ ಆಮೇಲೆ ಹೇಳಿಕೊಂಡ. ಯಾವ ಕತೆ ನಿಜವಾದರೂ ತಿರುಳು ಒಂದೇ. ಮಾರಾಟವಾಗದೆ ಉಳಿದ ಎರಡು ಸರಕು ಸೇರಿ ಮಾರಾಟವಾಗುವ ಒಂದು ಸರಕಾಯಿತು.

ಶುಂಠಿ ಬೆಳೆಯುವ ಮನೆಯ ಮಗಳಾದ ನನಗೆ ಈ ಕತೆಯಲ್ಲಿ ಮೊದಲು ಕಂಡದ್ದು ವೋಡ್ಕಾ ಅಲ್ಲ, ನೆಲಮಾಳಿಗೆಯ ಪೆಟ್ಟಿಗೆಗಳು.

ನಮ್ಮದು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು. ಗೋವಿನಜೋಳ, ಹತ್ತಿ ಬೆಳೆಯುವ ನೆಲ. ಬೋರಿನಲ್ಲಿ ನೀರಿದ್ದವರು ಶುಂಠಿಗೂ ಕೈ ಹಾಕುತ್ತಾರೆ. ಅಪ್ಪ ಒಂದೂವರೆ ಎಕರೆಗೆ ಹಾಕುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ನೆಟ್ಟರೆ ಎಂಟೊಂಬತ್ತು ತಿಂಗಳಿಗೆ ಬಲಿಯುತ್ತದೆ. ವ್ಯಾಪಾರಿಗಳು ಹೊಲಕ್ಕೇ ಬಂದು 60 ಕೆಜಿಯ ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ. 2023ರಲ್ಲಿ ಬೆಲೆ ಯಾರೂ ಎಣಿಸದಷ್ಟು ಏರಿತು. ಅದನ್ನು ನೋಡಿ ಕಂಡಕಂಡವರೆಲ್ಲ ಶುಂಠಿ ನೆಟ್ಟರು, ಬೆಲೆ ಬಿದ್ದಿತು. ಬಿದ್ದಾಗ ಕೀಳಿಸುವ ಕೂಲಿಯೂ ಹುಟ್ಟದೆ ಬೆಳೆಯನ್ನು ನೆಲದಲ್ಲೇ ಬಿಡುವ ಪ್ರಸಂಗ ಬರುತ್ತದೆ. ನಮಗೂ ಬಂತು.

ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಒಣಗಿಸುವಾಗ, ಕುದಿಸುವಾಗ ಶುಂಠಿಯ ಖಾರ ಏನಾಗುತ್ತದೆ ಎಂಬುದು ನನ್ನ ವಿಷಯ. ಕಾಕಾನ ಮಗ ಬೆಂಗಳೂರಿನ ಬಾರೊಂದರಲ್ಲಿ ಪಾನೀಯ ಕಲೆಸುವ ಕೆಲಸಕ್ಕಿದ್ದಾನೆ. ಹೋದ ಡಿಸೆಂಬರಿನಲ್ಲಿ ಅವನು ಫೋನ್ ಮಾಡಿದ. ‘ನಿನ್ನ ಲ್ಯಾಬಿನ ಶಾಣ್ಯಾತನ ಸ್ವಲ್ಪ ನಮಗೂ ಕೊಡವಾ ತಂಗಿ. ಮ್ಯೂಲ್ ಕೇಳಿದವರು ಒಂದ ದಿನ ಖಾರ ಇಲ್ಲ ಅಂತಾರ, ಒಂದ ದಿನ ಹುಳಿ ಅಂತಾರ. ನಾನಂತೂ ದಿನಾ ಒಂದ ಅಳತಿಲೇ ಹಾಕತೀನಿ’ ಎಂದ. ಮರುಮಾತಿಗೇ, ‘ದೊಡಪ್ಪನ ಶುಂಠಿ ಹೊಲದಾಗ ಐತೆಲ್ಲ, ಅದನ್ನ ನಮ್ಮ ಬಾರಿಗೆ ಯಾಕ ತರಸಬಾರದು?’ ಎಂದೂ ಕೇಳಿದ.

ಮೊದಲ ಪ್ರಶ್ನೆ ರಸಾಯನಶಾಸ್ತ್ರದ್ದು. ಎರಡನೆಯದು ನಮ್ಮ ಮನೆಯದು. ನನ್ನ ಸೋದರಮಾವ ಕುಡಿದು ಕುಡಿದು ನಲವತ್ತೊಂದಕ್ಕೆ ತೀರಿಕೊಂಡರು. ಅಂದಿನಿಂದ ನಮ್ಮ ಹೊಸ್ತಿಲೊಳಗೆ ಖಾಲಿ ಬಾಟಲಿ ಬಂದರೂ ಅವ್ವ ಅದನ್ನು ಎಣ್ಣೆ ತುಂಬಲಿಕ್ಕೆ ಕೂಡ ಬಳಸುವುದಿಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳು. ಹಾಗಾಗಿ ಮೊದಲನೆಯದನ್ನು ಕೈಗೆತ್ತಿಕೊಂಡೆ.

ಅಂಗಡಿಯಲ್ಲಿ ಜಿಂಜರ್ ಏಲ್ ಮತ್ತು ಜಿಂಜರ್ ಬಿಯರ್ ಅಕ್ಕಪಕ್ಕ ಕೂತಿರುತ್ತವೆ. ಹೆಸರಿನಲ್ಲಿ ಬಿಯರ್ ಇದ್ದರೂ ಈಗ ಸಿಗುವ ಬಹುಪಾಲು ಬಾಟಲಿಗಳಲ್ಲಿ ಮದ್ಯ ಇರುವುದಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಸಕ್ಕರೆ ನೀರಿಗೆ ಶುಂಠಿ ಹಾಕಿ ಹುದುಗು ಬರಿಸುತ್ತಿದ್ದರು, ಆ ಹೆಸರು ಉಳಿದುಕೊಂಡಿದೆ. ಏಲ್ ತಿಳಿಯಾಗಿ, ಸಿಹಿಯಾಗಿ, ಶುಂಠಿಯ ನೆರಳಷ್ಟೇ ಇರುವ ಸೋಡಾ. ಬಿಯರ್ ಮಬ್ಬಾಗಿ, ಗಂಟಲಿಗೆ ತಾಕುವಂತೆ ಇರಬೇಕು. ಮ್ಯೂಲಿಗೆ ಏಲ್ ಹಾಕಿದರೆ ಅದು ಲಿಂಬೆ ಸೋಡಾ ಆಗುತ್ತದೆ, ಒದೆಯುವುದಿಲ್ಲ.

ಬಿಯರ್ ಎಂದು ಬರೆದವುಗಳಲ್ಲೂ ಆರಿಸಿಕೊಳ್ಳಬೇಕು, ಮತ್ತು ಅದನ್ನು ಬರಿದೇ ಕುಡಿದು ಆರಿಸಬಾರದು. ಲೆಕ್ಕ ಹೀಗೆ. 120 ಮಿಲಿ ಜಿಂಜರ್ ಬಿಯರಿಗೆ 45 ಮಿಲಿ ವೋಡ್ಕಾ, 10 ಮಿಲಿ ಲಿಂಬೆರಸ ಸೇರಿದರೆ 175 ಮಿಲಿ. ಕುಡಿಯುವಷ್ಟರಲ್ಲಿ ಐಸು ಕರಗಿ ಮೂವತ್ತು ನಲವತ್ತು ಮಿಲಿ ನೀರು ಸೇರುತ್ತದೆ. ಒಟ್ಟು 210 ಅಂತಿಟ್ಟುಕೊಂಡರೆ, ಬಾಟಲಿಯಲ್ಲಿದ್ದ ಶುಂಠಿಯ ಕಸುವಿನಲ್ಲಿ ಲೋಟದಲ್ಲಿ ಉಳಿಯುವುದು ನೂರಕ್ಕೆ 57 ಪಾಲು ಮಾತ್ರ. ಬಾಟಲಿಯಿಂದ ನೇರ ಕುಡಿದಾಗ ‘ಆಹಾ, ಹದವಾಗಿದೆ’ ಅನ್ನಿಸುವ ಜಿಂಜರ್ ಬಿಯರ್ ಲೋಟದಲ್ಲಿ ಸಪ್ಪೆಯಾಗುವುದು ಇದಕ್ಕೇ. ಬರಿದೇ ಕುಡಿದಾಗ ‘ತುಸು ಹೆಚ್ಚಾಯಿತು’ ಅನ್ನಿಸುವುದೇ ಮ್ಯೂಲಿಗೆ ಸರಿ.

ಇನ್ನೂ ಒಂದು ವಿಚಾರವಿದೆ. ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ವಸ್ತು. ನಾಲಿಗೆಯಲ್ಲಿ, ಗಂಟಲಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವೊಂದಿದೆ, ಅದರ ಹೆಸರು ಟಿಆರ್‌ಪಿವಿ 1. ಜಿಂಜರಾಲ್ ತಾಕಿದರೆ ಅದು ಬಿಸಿ ತಾಕಿದಂತೆಯೇ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದೂ ಇದೇ ಬಾಗಿಲನ್ನು. ಹುಳಿಯೂ ಮದ್ಯವೂ ಈ ಬಾಗಿಲನ್ನು ಸಡಿಲ ಮಾಡುತ್ತವೆ, ಅಂದರೆ ಅದೇ ಶುಂಠಿ ಲಿಂಬೆ ಮತ್ತು ವೋಡ್ಕಾದ ಜೊತೆ ಹೆಚ್ಚು ಉರಿಯುತ್ತದೆ. ತಂಪು ಮತ್ತು ಸಿಹಿ ಆ ಉರಿಯನ್ನು ತಗ್ಗಿಸುತ್ತವೆ. ನಾಲ್ಕೂ ಒಂದೇ ಲೋಟದಲ್ಲಿರುವಾಗ, ಬಿಡಿಬಿಡಿಯಾಗಿ ನೋಡಿದ ರುಚಿಯಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಬಾಟಲಿ ಆರಿಸುವಾಗ ಸಣ್ಣ ಲೋಟದಲ್ಲಿ ಎರಡು ಐಸು ಹಾಕಿ, 60 ಮಿಲಿ ಜಿಂಜರ್ ಬಿಯರಿಗೆ ಒಂದು ಟೀ ಚಮಚ ಲಿಂಬೆರಸ ಹಿಂಡಿ, ಎರಡು ನಿಮಿಷ ಬಿಟ್ಟು ನೋಡಿ ಎಂದು ಅಣ್ಣನಿಗೆ ಹೇಳಿದೆ.

ಉರಿ ಎಲ್ಲಿ ಆಗುತ್ತದೆ ಎನ್ನುವುದನ್ನೂ ಗಮನಿಸಬೇಕು. ಕೆಲವು ಕಂಪನಿಗಳು ಶುಂಠಿ ಕಡಿಮೆ ಹಾಕಿ ಮೆಣಸಿನಕಾಯಿಯ ಸಾರ ಸೇರಿಸುತ್ತವೆ. ಬ್ಯಾಡಗಿ ಪೇಟೆಯ ಪಕ್ಕದಲ್ಲಿ ಬೆಳೆದವರಿಗೆ ಇದನ್ನು ಹಿಡಿಯುವುದು ಕಷ್ಟವಲ್ಲ. ಶುಂಠಿಯ ಉರಿ ಗಂಟಲಲ್ಲಿ ಬೆಚ್ಚಗೆ ಏಳುತ್ತದೆ, ಜೊತೆಗೆ ಮೂಗಿಗೆ ಲಿಂಬೆ ಸಿಪ್ಪೆಯಂಥ ಘಮ ಬರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮೆಣಸಿನಕಾಯಿಯ ಉರಿಗೆ ಘಮವಿಲ್ಲ. ಅದು ತುಟಿಗೂ ನಾಲಿಗೆಗೂ ಅಂಟಿಕೊಂಡು ಗುಟುಕಿನಿಂದ ಗುಟುಕಿಗೆ ಏರುತ್ತ ಹೋಗುತ್ತದೆ. ಅರ್ಧ ಲೋಟಕ್ಕೆ ಬಂದಾಗ ತುಟಿ ಚುರುಗುಟ್ಟಿದರೆ ಬಾಟಲಿ ತಿರುಗಿಸಿ ಸಾಮಗ್ರಿಯ ಪಟ್ಟಿ ಓದಿ. ಕ್ಯಾಪ್ಸಿಕಂ ಎಂಬ ಪದ ಸಿಗುವ ಸಂಭವ ಹೆಚ್ಚು. ಅದು ಕೆಟ್ಟದ್ದೆಂದಲ್ಲ. ಆದರೆ ಲಿಂಬೆಯ ಜೊತೆ ಹೊಂದುವ ಘಮ ಅದರಲ್ಲಿಲ್ಲ, ಲಿಂಬೆ ಎಷ್ಟು ಹಿಂಡಿದರೂ ಆ ಉರಿ ಹದಕ್ಕೆ ಬರುವುದಿಲ್ಲ.

ಇನ್ನು ‘ಒಂದ ದಿನ ಹುಳಿ’ ಅನ್ನುವ ದೂರು. ಜನವರಿಯಲ್ಲಿ ಬೆಂಗಳೂರಿಗೆ ಹೋದಾಗ ಅಣ್ಣನ ಬಾಡಿಗೆ ಕೋಣೆಯಲ್ಲಿ ಕೂತು ಇದನ್ನು ಬಿಡಿಸಿದೆವು. ಅವನ ಬಾರಿಗೆ ಎರಡು ಬಗೆಯ ಜಿಂಜರ್ ಬಿಯರ್ ಬರುತ್ತಿದ್ದವು, ಒಂದು ಸಿಗದಿದ್ದಾಗ ಇನ್ನೊಂದು. ಎರಡಕ್ಕೂ ಅವನು 15 ಮಿಲಿ ಲಿಂಬೆರಸ ಹಾಕುತ್ತಿದ್ದ. ಎರಡೂ ಬಾಟಲಿಗಳ ಹಿಂಬದಿಯ ಚೀಟಿ ಓದಿದೆವು. ಮೊದಲನೆಯದರಲ್ಲಿ 100 ಮಿಲಿಗೆ 11 ಗ್ರಾಂ ಸಕ್ಕರೆ. ಎರಡನೆಯದರಲ್ಲಿ 6 ಗ್ರಾಂ. ರೋಗ ಸಿಕ್ಕಿಬಿಟ್ಟಿತು.

ಲಿಂಬೆರಸದಲ್ಲಿ ನೂರಕ್ಕೆ ಸುಮಾರು 6 ಪಾಲು ಆಮ್ಲ ಇರುತ್ತದೆ, ಹೆಚ್ಚಿನದು ಸಿಟ್ರಿಕ್ ಆಮ್ಲ. 15 ಮಿಲಿ ರಸದಲ್ಲಿ 0.9 ಗ್ರಾಂ ಆಯಿತು. ಮೊದಲ ಬಾಟಲಿಯ 120 ಮಿಲಿಯಲ್ಲಿ 13.2 ಗ್ರಾಂ ಸಕ್ಕರೆ. ಒಂದು ಪಾಲು ಹುಳಿಗೆ ಹದಿನೈದು ಪಾಲು ಸಿಹಿ. ಎರಡನೆಯದರಲ್ಲಿ 7.2 ಗ್ರಾಂ ಸಕ್ಕರೆ, ಅಂದರೆ ಒಂದಕ್ಕೆ ಎಂಟು. ಒಂದೇ ಅಳತೆಯ ಲಿಂಬೆ, ಆದರೆ ಎರಡನೆಯ ಲೋಟದಲ್ಲಿ ಹುಳಿಗೆ ಎದುರಾಗಿ ನಿಲ್ಲುವ ಸಿಹಿ ಅರ್ಧದಷ್ಟೇ. ಆ ದಿನ ಬಂದವರು ಮುಖ ಹಿಂಡಿದ್ದರಲ್ಲಿ ಆಶ್ಚರ್ಯವಿಲ್ಲ. ನಾವು ಎರಡನೆಯದಕ್ಕೆ 10 ಮಿಲಿ ಹಿಂಡಿ ನೋಡಿದೆವು, ಒಂದಕ್ಕೆ ಹನ್ನೆರಡಾಯಿತು, ಮುಖ ಸಡಿಲವಾಯಿತು. ಮೊದಲನೆಯದಕ್ಕೆ 10 ಮಿಲಿ ಮಾತ್ರ ಹಾಕಿದಾಗ ಒಂದಕ್ಕೆ ಇಪ್ಪತ್ತೆರಡಾಗಿ ಜಾತ್ರೆಯ ಶರಬತ್ತಿನಂತೆ ಗಂಟಲಿಗೆ ಅಂಟಿತು. ನಮ್ಮಿಬ್ಬರ ನಾಲಿಗೆಗೆ ಒಂದಕ್ಕೆ ಹನ್ನೆರಡರಿಂದ ಹದಿನೈದರ ನಡುವೆ ಸರಿ ಕಂಡಿತು. ನಿಮ್ಮ ನಾಲಿಗೆ ಬೇರೆ ಹೇಳಬಹುದು. ಆದರೆ ಅಳತೆ ಹುಡುಕುವ ದಾರಿ ಇದೇ: ಮೊದಲು ಚೀಟಿಯಲ್ಲಿ ಸಕ್ಕರೆ ಓದಿ, ಆಮೇಲೆ ಲಿಂಬೆ ಕೊಯ್ಯಿರಿ.

ಎರಡು ಎಚ್ಚರಿಕೆ ಬೇಕು. ಸಾಮಗ್ರಿಯ ಪಟ್ಟಿಯಲ್ಲಿ 330 ಎಂಬ ಸಂಖ್ಯೆಯಿದ್ದರೆ ಅದು ಸಿಟ್ರಿಕ್ ಆಮ್ಲ. ಬಾಟಲಿಯಲ್ಲಿ ಮೊದಲೇ ಹುಳಿ ಇದೆ ಎಂದರ್ಥ. ಎಷ್ಟಿದೆ ಎಂದು ಬರೆದಿರುವುದಿಲ್ಲ, ಆದ್ದರಿಂದ ಲೆಕ್ಕ ಹೇಳುವುದಕ್ಕಿಂತ ತುಸು ಕಡಿಮೆ ಹಿಂಡಿ, ರುಚಿ ನೋಡಿ ಏರಿಸುವುದು ಕ್ಷೇಮ. ಎರಡನೆಯದು, ಲಿಂಬೆಯನ್ನು ‘ಅರ್ಧ ಹೋಳು’ ಎಂದು ಅಳೆಯಬಾರದು. ಮಳೆಗಾಲದ ಹಣ್ಣು ರಸ ತುಂಬಿ ಉಬ್ಬಿರುತ್ತದೆ, ಬೇಸಿಗೆಯ ಹಣ್ಣು ಗಟ್ಟಿಯಾಗಿ ಕೈ ಕೊಡುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಇಂಡಿಯ ಕಾಗಜಿ ಲಿಂಬೆಯಾದರೂ ಹಣ್ಣಿನಿಂದ ಹಣ್ಣಿಗೆ ರಸ ಬೇರೆಯಾಗುತ್ತದೆ. ಹಿಂಡಿ, ಸೋಸಿ, ಮಿಲಿಯಲ್ಲಿ ಅಳೆಯಬೇಕು. ಬೆಳಿಗ್ಗೆ ಹಿಂಡಿಟ್ಟ ರಸಕ್ಕೆ ರಾತ್ರಿಯ ಹೊತ್ತಿಗೆ ಹುಳಿ ಅಷ್ಟೇ ಇರುತ್ತದೆ, ಘಮ ಮಾತ್ರ ಹಳಸಿ ಕಹಿ ಮುಂದೆ ಬಂದಿರುತ್ತದೆ. ಬಾರಿನವರು ಸಂಜೆ ಹಿಂಡಿ ಅಂದೇ ಮುಗಿಸಬೇಕು.

ಬಾಟಲಿಯ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಅಣ್ಣನ ಮನಸ್ಸಿನಲ್ಲಿದ್ದದ್ದು ಬಾರಿನಲ್ಲೇ ಜಿಂಜರ್ ಬಿಯರ್ ತಯಾರಿಸುವುದು, ಅದೂ ನಮ್ಮ ಹೊಲದ ಶುಂಠಿಯಿಂದ. ಹುದುಗು ಬರಿಸುವ ಹಳೆಯ ವಿಧಾನ ಬೇಡವೆಂದೆ. ಹುದುಗು ಸಕ್ಕರೆಯನ್ನು ತಿನ್ನುತ್ತ ಹೋಗುತ್ತದೆ, ಇಂದಿನ ಸಿಹಿ ನಾಳೆ ಇರುವುದಿಲ್ಲ, ಈಗಷ್ಟೇ ಮಾಡಿದ ಲಿಂಬೆಯ ಲೆಕ್ಕವೆಲ್ಲ ದಿನಕ್ಕೊಂದು ಸಲ ಕೆಡುತ್ತದೆ. ಸೆಖೆಯಲ್ಲಿ ಗಾಳಿ ಹೆಚ್ಚಿ ಗಾಜಿನ ಬಾಟಲಿ ಸಿಡಿಯುವ ಅಪಾಯವೂ ಇದೆ. ರಸ, ಸಕ್ಕರೆ, ಸೋಡಾ ಸೇರಿಸುವ ನೇರ ವಿಧಾನವೇ ಸಾಕು.

ಸಂಕ್ರಾಂತಿಗೆ ಊರಿಗೆ ಹೋದವಳು ಹಿಂದಿರುಗುವಾಗ ಮೂರು ಬಗೆಯ ಶುಂಠಿ ಚೀಲದಲ್ಲಿಟ್ಟುಕೊಂಡು ಬಂದೆ. ಒಂದು, ತಡವಾಗಿ ನೆಟ್ಟ ಸಾಲಿನ ಎಳೆಯ ಶುಂಠಿ. ಇನ್ನೊಂದು, ಒಂಬತ್ತು ತಿಂಗಳು ತುಂಬಿ ಎಲೆ ಒಣಗಿದ್ದು. ಅಪ್ಪ ಹಾಕುವುದು ನಮ್ಮ ಕಡೆ ಹಿಮಾಚಲ ಎಂದು ಕರೆಯುವ ತಳಿ. ಮೂರನೆಯದು ಪಕ್ಕದ ಹೊಲದವರ ರಿಯೋ ಡಿ ಜನೈರೋ. ನೋಡಲು ದಪ್ಪ, ನಾರು ಕಡಿಮೆ, ತೊಳೆದಿಟ್ಟರೆ ಪೇಟೆಯಲ್ಲಿ ಕಣ್ಣಿಗೆ ಬೀಳುವ ಮಾಲು. ಎಳೆಯ ಶುಂಠಿಯನ್ನು ಮುರಿದರೆ ಸದ್ದಿಲ್ಲದೆ ಮುರಿಯಿತು, ರಸ ಸುರಿಯಿತು, ಖಾರ ಮಾತ್ರ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಬಲಿತದ್ದು ಮುರಿಯುವಾಗ ನಾರು ಹಿಡಿದು ಎಳೆಯಿತು, ರಸ ಕಡಿಮೆ ಬಂತು, ಬಂದದ್ದು ಕೆಮ್ಮಿಸಿತು. ರಿಯೋ ಎರಡರ ನಡುವೆ ನಿಂತಿತು. ಪೇಟೆಯಲ್ಲಿ ಕೊಳ್ಳುವವರು ಉಗುರಿನಿಂದ ಸಿಪ್ಪೆ ಕೆರೆದು ನೋಡಬಹುದು. ತೆಳ್ಳಗೆ ಸುಲಿದುಬಂದರೆ ಎಳೆಯದು, ಸಿಪ್ಪೆ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಬಲಿತದ್ದು. ಮ್ಯೂಲಿಗೆ ಬೇಕಾದದ್ದು ಬಲಿತದ್ದು. ವ್ಯಾಪಾರಿ ‘ನಾರು ಜಾಸ್ತಿ’ ಎಂದು ಮೂಗು ಮುರಿಯುವ ಶುಂಠಿ ಇಲ್ಲಿ ಗೆಲ್ಲುತ್ತದೆ.

100 ಗ್ರಾಂ ಶುಂಠಿಯನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಸಿಪ್ಪೆ ಸಮೇತ ಹೆಚ್ಚಿ, 50 ಮಿಲಿ ತಣ್ಣೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಬಟ್ಟೆಯಲ್ಲಿ ಹಿಂಡಿದರೆ ಸುಮಾರು 100 ಮಿಲಿ ರಸ ಸಿಗುತ್ತದೆ. ಅದನ್ನು ಅರ್ಧ ಗಂಟೆ ಅಲುಗಿಸದೆ ಇಡಬೇಕು. ತಳದಲ್ಲಿ ಬಿಳಿಯ ಹಿಟ್ಟು ಕೂರುತ್ತದೆ, ಶುಂಠಿಯ ಪಿಷ್ಟ ಅದು. ಮೇಲಿನ ರಸವನ್ನು ಮೆಲ್ಲಗೆ ಬಗ್ಗಿಸಿಕೊಂಡು ಹಿಟ್ಟನ್ನು ಬಿಡಬೇಕು. ಬಿಡದಿದ್ದರೆ ಏನಾಗುತ್ತದೆಂದು ಅಣ್ಣನ ಮೊದಲ ಲೋಟವೇ ತೋರಿಸಿತು. ಹಿಟ್ಟಿನ ಒಂದೊಂದು ಕಣವೂ ಸೋಡಾದ ಗಾಳಿ ಗುಳ್ಳೆಯಾಗಿ ಏಳಲು ತಾಣ ಕೊಡುತ್ತದೆ. ನೊರೆ ಉಕ್ಕಿ ಮೇಜಿನ ಮೇಲೆ ಹರಿಯಿತು, ಲೋಟದಲ್ಲಿ ಉಳಿದದ್ದು ಗಾಳಿ ಹೋದ ಸಪ್ಪೆ ನೀರು.

ಎರಡನೆಯ ನಿಯಮ, ಈ ರಸವನ್ನು ಕುದಿಸಬಾರದು. ಕಷಾಯದ ರೂಢಿಯಲ್ಲಿ ಕೈ ತಾನಾಗಿ ಒಲೆ ಹಚ್ಚುತ್ತದೆ. ಆದರೆ ಕುದಿಸಿದಾಗ ಲಿಂಬೆಗೆ ಜೊತೆಯಾಗಬೇಕಾದ ಘಮ ಹಬೆಯಲ್ಲಿ ಹಾರಿಹೋಗುತ್ತದೆ, ಜಿಂಜರಾಲಿನ ಒಂದು ಪಾಲು ಜಿಂಜರೋನ್ ಎಂಬ ಸೌಮ್ಯವಾದ ವಸ್ತುವಾಗುತ್ತದೆ. ಒಣಗಿಸಿದರೆ ಬೇರೆಯೇ ದಾರಿ. ಆಗ ಜಿಂಜರಾಲ್ ನೀರು ಕಳೆದುಕೊಂಡು ಶೋಗಾಲ್ ಆಗುತ್ತದೆ, ಅದು ಇನ್ನೂ ಖಾರ. ಒಣಶುಂಠಿ ಹಸಿಗಿಂತ ಜೋರಾಗಿರುವುದು ಇದರಿಂದ. ಹಾಗೆಂದು ಒಣಶುಂಠಿಯ ಪುಡಿ ಹಾಕಿದರೆ ಪಾನೀಯ ಔಷಧಿಯ ವಾಸನೆ ಹೊಡೆಯುತ್ತದೆ. ಹಸಿರಸವೇ ಸರಿ, ಅದೂ ಅಂದಂದಿನದು. ಎರಡನೆಯ ದಿನಕ್ಕೆ ಅದರ ಚುರುಕು ಇಳಿಯುತ್ತದೆ.

ಒಂದು ಲೋಟಕ್ಕೆ ನಾವು ನಿಲ್ಲಿಸಿಕೊಂಡ ಅಳತೆ ಇದು. 15 ಮಿಲಿ ಶುಂಠಿರಸದಲ್ಲಿ 10 ಗ್ರಾಂ ಸಕ್ಕರೆ ಪೂರಾ ಕರಗಿಸಬೇಕು. 12 ಮಿಲಿ ಲಿಂಬೆರಸ, 45 ಮಿಲಿ ವೋಡ್ಕಾ ಸೇರಿಸಿ, ಲೋಟದ ತುಂಬ ಐಸು ಹಾಕಿ, ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿದ ಸೋಡಾ 95 ಮಿಲಿಯನ್ನು ಲೋಟದ ಅಂಚಿನಿಂದ ಇಳಿಬಿಡಬೇಕು. ಚಮಚವನ್ನು ತಳಕ್ಕೆ ಇಳಿಸಿ ಒಮ್ಮೆ ಮೇಲೆತ್ತಿದರೆ ಸಾಕು, ಗಿರಗಿರ ತಿರುಗಿಸಿದರೆ ಗಾಳಿ ಹೋಗುತ್ತದೆ. ಹುಳಿ ಸಿಹಿಯ ಲೆಕ್ಕ ಒಂದಕ್ಕೆ ಹದಿನಾಲ್ಕರ ಹತ್ತಿರ ಬರುತ್ತದೆ. ಸೋಡಾ ಬೆಚ್ಚಗಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ, ಗಾಳಿ ತಂಪಿನಲ್ಲಿ ಮಾತ್ರ ನೀರಿನಲ್ಲಿ ಉಳಿಯುತ್ತದೆ.

ಅಣ್ಣನ ಬಾರಿನಲ್ಲಿ ಇದನ್ನು ತಾಮ್ರದ ಲೋಟದಲ್ಲಿ ಕೊಡುತ್ತಾರೆ. ಆ ಲೋಟದ ಒಳಮೈ ನೋಡಿದೆ, ಸ್ಟೀಲಿನ ಪದರ ಇತ್ತು. ಇರಲೇಬೇಕು. ಬರೀ ತಾಮ್ರಕ್ಕೆ ಲಿಂಬೆ ತಾಕಿದರೆ ತಾಮ್ರ ಕರಗಿ ಪಾನೀಯಕ್ಕೆ ಇಳಿಯುತ್ತದೆ. ಇದನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಮ್ರದ ಬಿಂದಿಗೆಯಲ್ಲಿ ನೀರಿಡುತ್ತಿದ್ದರು, ಹುಣಸೆಹುಳಿಯ ಸಾರನ್ನು ಕಲಾಯಿ ಇಲ್ಲದ ಪಾತ್ರೆಗೆ ಹಾಕುತ್ತಿರಲಿಲ್ಲ. ಓಣಿಗೆ ಕಲಾಯಿಯವನು ಬಂದಾಗ ಪಾತ್ರೆಗಳ ಸಾಲು ನಿಲ್ಲುತ್ತಿದ್ದುದು ಅದಕ್ಕೇ. ಚೆಂದ ಕಾಣುತ್ತದೆಂದು ಬರೀ ತಾಮ್ರದ ಲೋಟ ತರಿಸಿಕೊಳ್ಳುವವರು ಅದರಲ್ಲಿ ನೀರು ಕುಡಿಯಲಿ, ಮ್ಯೂಲ್ ಬೇಡ.

ಫೆಬ್ರವರಿಯಲ್ಲಿ ಅಣ್ಣನ ಬಾರಿನವರು ಶುಂಠಿ ತರಿಸಲು ಒಪ್ಪಿದರು. ಈಗ ಅವ್ವನಿಗೆ ಹೇಳಬೇಕಿತ್ತು. ಅಪ್ಪ, ‘ಹಾವೇರಿ ಪ್ಯಾಟಿಗೆ ಕಳಸೀನಂತ ಹೇಳಿದ್ರ ಮುಗೀತು’ ಅಂದರು. ನನಗೆ ಹಾಗೆ ಹೇಳಲು ಮನಸ್ಸಾಗಲಿಲ್ಲ. ಊರಿಗೆ ಹೋದ ದಿನ ಸಂಜೆ ಸೋಡಾ ಬಾಟಲಿ ಇಟ್ಟುಕೊಂಡು ಅಡುಗೆಮನೆಯಲ್ಲೇ ವೋಡ್ಕಾ ಇಲ್ಲದ ಲೋಟಗಳನ್ನು ಕಲೆಸಿದೆ. ಮದ್ಯವಿಲ್ಲದಿದ್ದರೆ ಶುಂಠಿಯ ಉರಿ ಒಂದು ಮೆಟ್ಟಿಲು ಇಳಿಯುತ್ತದೆ, ಅದಕ್ಕೆ ರಸವನ್ನು 15ರಿಂದ 20 ಮಿಲಿಗೆ ಏರಿಸಿದೆ. 45 ಮಿಲಿ ಕಡಿಮೆಯಾದ ಜಾಗಕ್ಕೆ ಸೋಡಾ ಸುರಿದೆ. ಅವ್ವ ನೋಡುತ್ತ ನಿಂತಿದ್ದಳು.

‘ಏನ ಮಾಡಾಕತ್ತೀಯವ್ವಾ?’

ಇದರ ಹೆಸರು ಹೇಳಿದೆ. ಬೆಂಗಳೂರಿನಲ್ಲಿ ಇದಕ್ಕೆ ಹೆಂಡ ಸೇರಿಸುತ್ತಾರೆಂದೂ ಹೇಳಿದೆ. ನಮ್ಮ ಶುಂಠಿ ಹೋಗುವುದು ಅಲ್ಲಿಗೇ, ಹಾವೇರಿಗಲ್ಲ ಎಂದೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು, ಕೆಮ್ಮಿದಳು. ಡಬ್ಬಿಯಿಂದ ಎರಡು ಬೆರಳಲ್ಲಿ ಹಿಡಿದಷ್ಟು ಉಪ್ಪು ತೆಗೆದು ಹಾಕಿ ಮತ್ತೆ ಕುಡಿದಳು. ಅಪ್ಪನ ಲೋಟಕ್ಕೂ ನನ್ನ ಲೋಟಕ್ಕೂ ಹಾಕಿದಳು. ಉಪ್ಪು ಕಹಿಯನ್ನು ಅಡಗಿಸುತ್ತದೆ, ಹುಳಿಯ ಅಂಚನ್ನು ಮೆತ್ತಗಾಗಿಸುತ್ತದೆ. ಲಿಂಬಿ ಸೋಡಾ ಮಾಡುವ ಯಾವ ಗಾಡಿಯವನಿಗೂ ಗೊತ್ತಿರುವ ಇದು ನಮ್ಮ ಕೋಣೆಯ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ಈಗ ಅಣ್ಣನ ಬಾರಿನ ಅಳತೆಯಲ್ಲಿ ಆ ಚಿಟಿಕೆ ಉಪ್ಪೂ ಇದೆ.

ಲೋಟ ಕೆಳಗಿಟ್ಟು ಅವ್ವ ಹೇಳಿದ್ದು ಇಷ್ಟು: ‘ಶುಂಠಿ ಏನ ಮಾಡೀತು. ನಮ್ಮಣ್ಣ ಕುಡದದ್ದೂ ಇದೇ ಜ್ವಾಳದ ಹೊಲದ ದುಡ್ಡಿನಾಗ. ಮಾರ್ರಿ. ಆದರ ಆ ರೊಕ್ಕ ಬ್ಯಾರೆ ಇಡ್ರಿ. ಮಾಂವನ ಮಗಳ ಫೀಸಿಗೆ ಅದ ರೊಕ್ಕ ಹೋಗಲಿ.’

ಅಪ್ಪ ಚೀಲದ ಲೆಕ್ಕ ಕೇಳಿದರು. ಕೂತು ಹಾಕಿದೆವು. ಬಾರಿನಲ್ಲಿ ರಾತ್ರಿಗೆ ಮೂವತ್ತು ಮ್ಯೂಲ್ ಖರ್ಚಾದರೂ ಬೇಕಾಗುವ ರಸ 450 ಮಿಲಿ, ಅಂದರೆ ಸುಮಾರು 450 ಗ್ರಾಂ ಶುಂಠಿ. 60 ಕೆಜಿಯ ಒಂದು ಚೀಲ ನಾಲ್ಕು ತಿಂಗಳಿಗೂ ಹೆಚ್ಚು ಬರುತ್ತದೆ. ನಮ್ಮ ಹೊಲದಲ್ಲಿ ಆ ವರ್ಷ ನೂರಕ್ಕೂ ಹೆಚ್ಚು ಚೀಲ ಇತ್ತು. ಜಾಕ್ ಮಾರ್ಗನ್ನನ ನೆಲಮಾಳಿಗೆ ಖಾಲಿಯಾದದ್ದು ಮುಂದೆ ಅಮೆರಿಕದ ಎಷ್ಟೋ ಬಾರುಗಳು ಅವನ ಪಾನೀಯ ಕಲೆಸಿದ್ದರಿಂದ. ಒಂದು ಬಾರು ರೈತನ ಒಂದು ಸಾಲನ್ನೂ ಖಾಲಿ ಮಾಡುವುದಿಲ್ಲ. ಇದು ಹೊರುವುದು ಹೊರೆಯ ಒಂದು ಚೂರು ಮಾತ್ರ ಎಂದು ಗೊತ್ತಾದಾಗ ಅಪ್ಪ ನಕ್ಕರು. ‘ಹೋಗಲಿ ಬಿಡು, ನಾರಿನ ಶುಂಠಿಗೂ ಒಬ್ಬ ಗಿರಾಕಿ ಸಿಕ್ಕನಲ್ಲ’ ಅಂದರು.

ಚೀಲ ಮಾರ್ಚಿನಲ್ಲಿ ಹೋಯಿತು. ಕೀಳುವಾಗ ಗಾಯವಾಗದ, ಸಿಪ್ಪೆ ಬಲಿತ ಗೆಡ್ಡೆಗಳನ್ನೇ ಆರಿಸಿ, ತೊಳೆಯದೆ, ಮಣ್ಣು ಉದುರಿಸಿ ನೆರಳಲ್ಲಿ ಆರಿಸಿ ತುಂಬಿದೆವು. ತೊಳೆದದ್ದು ಬೇಗ ಕೊಳೆಯುತ್ತದೆ. ಅಣ್ಣ ಅದನ್ನು ಒಣ ಮರಳಿನಲ್ಲಿ ಹೂತು, ಬಾರಿನ ಹಿಂದಿನ ತಂಪು ಕೋಣೆಯಲ್ಲಿ ಇಟ್ಟಿದ್ದಾನೆ. ದಿನಾ ಅರ್ಧ ಕೆಜಿಯಷ್ಟು ಅಗೆದು ತೆಗೆಯುತ್ತಾನೆ.